ಅರ್ಧ ಪಿನಿಯನ್ ಇಟ್ಟುಕೊಳ್ಳುವುದು ಹೇಗೆ?

ಒಂದು ಸಕ್ಕರೆ ಕಾರ್ಖಾನೆ ಇದೆ ಎಂದುಕೊಳ್ಳೋಣ. ಅದರ ಮಿಲ್ ಗೇರ್‌ಬಾಕ್ಸ್‌ನಲ್ಲಿರುವ ಪಿನಿಯನ್ ಶಾಫ್ಟ್ ಕಳೆದ 10 ವರ್ಷಗಳಲ್ಲಿ ಮುರಿದದ್ದು ಒಂದೇ ಸಲ. ಗೇರ್‌ಬಾಕ್ಸ್ ವಿದೇಶದ್ದು, ಹೊಸ ಪಿನಿಯನ್‌ಗೆ ಆರ್ಡರ್ ಕೊಟ್ಟರೆ ಕೈಗೆ ಬರಲು 8 ತಿಂಗಳು. ಹಾಗಾದರೆ ಒಂದನ್ನು ಮೊದಲೇ ತರಿಸಿ ಸ್ಟೋರ್‌ನಲ್ಲಿ ಇಟ್ಟುಕೊಳ್ಳಬೇಕೆ, ಬೇಡವೆ?

ದಾಸ್ತಾನು ನಿರ್ವಹಣೆಯ ಯಾವ ಪಠ್ಯಪುಸ್ತಕ ತೆರೆದರೂ ಇದಕ್ಕೊಂದು ಸೂತ್ರ ಸಿಗುತ್ತದೆ. ಬಹುಪಾಲು ಕಂಪ್ಯೂಟರ್ ವ್ಯವಸ್ಥೆಗಳೂ ಅದನ್ನೇ ಬಳಸುತ್ತವೆ.

```
ROP = d × L + z × σ × √L
```

ಇಲ್ಲಿ d ಎಂದರೆ ತಿಂಗಳ ಸರಾಸರಿ ಬಳಕೆ, L ಎಂದರೆ ಮಾಲು ಬರಲು ಹಿಡಿಯುವ ತಿಂಗಳು, σ ಎಂದರೆ ತಿಂಗಳಿಂದ ತಿಂಗಳಿಗೆ ಬಳಕೆ ಎಷ್ಟು ಏರಿಳಿಯುತ್ತದೆ ಎಂಬ ಅಳತೆ. ಶೇ. 95 ಭರವಸೆ ಬೇಕೆಂದರೆ z ಜಾಗದಲ್ಲಿ 1.65 ಹಾಕುತ್ತಾರೆ. ದಾಸ್ತಾನು ROPಯ ಮಟ್ಟಕ್ಕೆ ಇಳಿದಾಗ ಹೊಸ ಆರ್ಡರ್ ಹೋಗಬೇಕು. ನಮ್ಮ ಪಿನಿಯನ್‌ನ ಬಳಕೆ 120 ತಿಂಗಳಿಗೆ ಒಂದು, ಅಂದರೆ d 0.0083. σ ಸುಮಾರು 0.091. ಲೆಕ್ಕ ಮಾಡಿದರೆ ಮೊದಲ ಭಾಗ 0.067, ಎರಡನೆಯದು 0.425, ಒಟ್ಟು 0.49.

ಸರಿಸುಮಾರು ಅರ್ಧ ಪಿನಿಯನ್. ಪೂರ್ಣಾಂಕಕ್ಕೆ ತಂದರೆ ಸೊನ್ನೆಯೂ ಆಗಬಹುದು, ಒಂದೂ ಆಗಬಹುದು. ಸೊನ್ನೆಯಾದರೆ ಹಂಗಾಮಿನ ನಡುವೆ ಕಾರ್ಖಾನೆ ನಿಲ್ಲುವ ಅಪಾಯ, ಒಂದಾದರೆ ಲಕ್ಷಾಂತರ ರೂಪಾಯಿ ಕಪಾಟಿನಲ್ಲಿ ಕೂರುತ್ತದೆ. ತೀರ್ಮಾನವೆಲ್ಲ ಇರುವುದು ಆ ದಶಮಾಂಶವನ್ನು ಯಾವ ಕಡೆಗೆ ದೂಡುತ್ತೇವೆ ಎಂಬುದರಲ್ಲಿ. ಆ ವಿಷಯದಲ್ಲಿ ಸೂತ್ರ ಏನನ್ನೂ ಹೇಳುವುದಿಲ್ಲ.

ಹಾಗೆಂದು ಸೂತ್ರವನ್ನು ಕಸದ ಬುಟ್ಟಿಗೆ ಹಾಕಬೇಕಿಲ್ಲ. ವೆಲ್ಡಿಂಗ್ ರಾಡ್, ಗ್ರೀಸ್, ಕೈಗವಸು, ಕಾಟನ್ ವೇಸ್ಟ್ ಮುಂತಾದವಕ್ಕೆ ಅದು ಚೆನ್ನಾಗಿಯೇ ಹೊಂದುತ್ತದೆ. ಅವನ್ನು ಹತ್ತಾರು ಜನ ದಿನವೂ ಸ್ವಲ್ಪ ಸ್ವಲ್ಪ ಒಯ್ಯುತ್ತಾರೆ. ಇಂಥ ಸಣ್ಣ ಸಣ್ಣ ಬಳಕೆಗಳು ಕೂಡಿದಾಗ ತಿಂಗಳ ಮೊತ್ತ ಸರಾಸರಿಯ ಆಚೀಚೆ ಸಮವಾಗಿ ಹರಡಿಕೊಳ್ಳುತ್ತದೆ, ನಕ್ಷೆ ಗಂಟೆಯ ಆಕಾರಕ್ಕೆ ಬರುತ್ತದೆ. 1.65 ಎಂಬ ಅಂಕಿ ಬಂದದ್ದು ಆ ಗಂಟೆಯಾಕಾರದಿಂದ. ಅಪರೂಪಕ್ಕೆ ಕೆಡುವ ಯಂತ್ರದ ಬಿಡಿಭಾಗದ ಬಿನ್ ಕಾರ್ಡ್ ನೋಡಿದರೆ ಅಂಥ ಆಕಾರವೇ ಕಾಣುವುದಿಲ್ಲ. ತಿಂಗಳುಗಟ್ಟಲೆ ಸೊನ್ನೆ, ಆಮೇಲೆ ಒಮ್ಮೆಲೇ ನಾಲ್ಕು, ಮತ್ತೆ ಸೊನ್ನೆ.

ಬಿನ್ ಕಾರ್ಡ್ ಬಿಡಿಸಿ ಓದುವುದು

ಪಿನಿಯನ್ ಕಥೆಯನ್ನು ಸ್ವಲ್ಪ ತಡೆದು, ಅದೇ ಕಾರ್ಖಾನೆಯ ಇನ್ನೊಂದು ಭಾಗವನ್ನು ನೋಡೋಣ. ಬಾಯ್ಲರ್‌ನ ಹೊಗೆ ಎಳೆಯುವ ಐ.ಡಿ. ಫ್ಯಾನ್ ಎರಡಿವೆ. ಒಂದೊಂದಕ್ಕೆ ಎರಡು ಬೇರಿಂಗ್, ಮೋಟಾರ್ ಬದಿಗೊಂದು, ಆಚೆ ಬದಿಗೊಂದು, ಒಟ್ಟು ನಾಲ್ಕು. ಬೇರಿಂಗ್ ಬರಲು 3 ತಿಂಗಳು ಬೇಕು. ಜುಲೈನಿಂದ ಶುರುವಾಗುವ ಎರಡು ವರ್ಷದ ಕಾರ್ಡ್ ಹೀಗಿದೆ: ಮೊದಲ ಡಿಸೆಂಬರ್‌ನಲ್ಲಿ 1, ಮೇ ತಿಂಗಳಲ್ಲಿ 4, ಮರು ಡಿಸೆಂಬರ್‌ನಲ್ಲಿ 1, ಫೆಬ್ರವರಿಯಲ್ಲಿ 2. ಉಳಿದ 20 ತಿಂಗಳು ಸೊನ್ನೆ.

24 ತಿಂಗಳಲ್ಲಿ 8 ಬೇರಿಂಗ್, ತಿಂಗಳಿಗೆ 0.33. σ 0.92. ಮೇಲಿನ ಸೂತ್ರಕ್ಕೆ ಹಾಕಿದರೆ 3.6 ಬರುತ್ತದೆ. ನಾಲ್ಕು ಎಂದು ಬರೆದು ಇಂಡೆಂಟ್ ಕಳಿಸಿದರೆ ಯಾರೂ ಪ್ರಶ್ನಿಸುವುದಿಲ್ಲ. ಆದರೆ ಆ ನಾಲ್ಕಕ್ಕೆ ಅರ್ಥವಿಲ್ಲ. ಏಕೆಂದು ತಿಳಿಯಲು ಫಿಟ್ಟರ್ ಹತ್ತಿರ ಹೋಗಿ, ಪ್ರತಿ ಸಲ ಬೇರಿಂಗ್ ಒಯ್ದದ್ದು ಯಾತಕ್ಕೆ ಎಂದು ಕೇಳಬೇಕು.

ಮೇ ತಿಂಗಳ ನಾಲ್ಕು ಬ್ರೇಕ್‌ಡೌನ್‌ಗೆ ಹೋದದ್ದಲ್ಲ. ಹಂಗಾಮು ಮುಗಿದ ಮೇಲಿನ ಓವರ್‌ಹಾಲ್‌ನಲ್ಲಿ ಎರಡೂ ಫ್ಯಾನ್‌ಗಳ ಬೇರಿಂಗ್‌ಗಳನ್ನು ಒಟ್ಟಿಗೆ ಬದಲಿಸಿದ್ದರು. ಮೇನಲ್ಲಿ ಬೇಕಾಗುತ್ತದೆ ಎಂಬುದು ಡಿಸೆಂಬರ್‌ನಲ್ಲೇ ಗೊತ್ತಿದ್ದ ಸಂಗತಿ. ಜನವರಿಯಲ್ಲಿ ಆರ್ಡರ್ ಕೊಟ್ಟರೆ ಸಮಯಕ್ಕೆ ಬಂದೀತು. ದಿನಾಂಕ ಗೊತ್ತಿರುವ ಬೇಡಿಕೆಗೆ ವರ್ಷವಿಡೀ ದಾಸ್ತಾನು ಇಡುವ ಅಗತ್ಯವಿಲ್ಲ, ಅದನ್ನು ಅನಿಶ್ಚಿತ ಬೇಡಿಕೆಯ ಲೆಕ್ಕಕ್ಕೆ ಸೇರಿಸುವುದಂತೂ ತಪ್ಪೇ. σ ಅನ್ನು ಅಷ್ಟು ದೊಡ್ಡದು ಮಾಡಿದ್ದು ಈ ಒಂದು ನಮೂದು.

ಫೆಬ್ರವರಿಯ ಎರಡರಲ್ಲಿ ಕೆಟ್ಟದ್ದು ಒಂದೇ. ಫ್ಯಾನ್ ಹೇಗೂ ಬಿಚ್ಚಿದ್ದೇವೆ ಎಂದು ಆಚೆ ಬದಿಯದನ್ನೂ ಬದಲಿಸಿದ್ದರು. ಹಾಗಾಗಿ ನಿಜವಾದ ಬ್ರೇಕ್‌ಡೌನ್ ಮೂರು. ಈ ಕೆಲಸಕ್ಕೆ ಎಣಿಸಬೇಕಾದದ್ದು ಕೆಟ್ಟ ಸಂದರ್ಭಗಳನ್ನು. ಒಂದು ಸಂದರ್ಭಕ್ಕೆ ಎಷ್ಟು ನಗ ಬೇಕು ಎನ್ನುವುದು ಬೇರೆ ಪ್ರಶ್ನೆ. ಕಾರ್ಡ್‌ನಲ್ಲಿ ಎರಡೂ ಕಲಸಿಹೋಗಿವೆಯೇ ಎಂದು ಕಂಡುಹಿಡಿಯಲು ಸುಲಭದ ಪರೀಕ್ಷೆ ಒಂದಿದೆ. σ ಅನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಸರಾಸರಿಯಿಂದ ಭಾಗಿಸಿ. ತಮ್ಮಷ್ಟಕ್ಕೆ ತಾವು ಆಗುವ ಅಪರೂಪದ ಘಟನೆಗಳಾದರೆ ಉತ್ತರ 1ರ ಹತ್ತಿರ ಇರುತ್ತದೆ. ನಮ್ಮ ಕಾರ್ಡ್‌ನಲ್ಲಿ ಅದು 2.5. ಇಷ್ಟು ಬಂದರೆ, ಒಂದು ಸಾಲಿನಲ್ಲಿ ಎರಡು ಮೂರು ಬಗೆಯ ಬೇಡಿಕೆ ಬೆರೆತಿರಬಹುದೆಂದು ಅನುಮಾನಿಸಿ ಫಿಟ್ಟರನ್ನು ಹುಡುಕಿಕೊಂಡು ಹೋಗಬೇಕು.

ಇನ್ನೊಂದು ಮೋಸ ಸೊನ್ನೆಗಳಲ್ಲೇ ಇದೆ. ಕಬ್ಬು ನುರಿಸುವ ಹಂಗಾಮು ಸುಮಾರು 5 ತಿಂಗಳು ಎಂದಿಟ್ಟುಕೊಂಡರೆ, ಈ 24 ತಿಂಗಳಲ್ಲಿ ಫ್ಯಾನ್ ತಿರುಗಿದ್ದು 10 ತಿಂಗಳು ಮಾತ್ರ. ನಿಂತ ಫ್ಯಾನ್‌ನ ಬೇರಿಂಗ್ ಕೆಡಲಿಲ್ಲ ಎಂಬುದು ಯಾವ ಮಾಹಿತಿಯೂ ಅಲ್ಲ. ಕ್ಯಾಲೆಂಡರ್ ಹಿಡಿದು ಎಣಿಸಿದರೆ 3 ತಿಂಗಳಿಗೆ 0.375 ಬ್ರೇಕ್‌ಡೌನ್. ಓಡಿದ ತಿಂಗಳು ಹಿಡಿದು ಎಣಿಸಿದರೆ 0.9. ಹಂಗಾಮಿನಲ್ಲಿ ಎದುರಾಗುವ ಅಪಾಯ ಕಾಗದದಲ್ಲಿ ಕಂಡದ್ದರ ಹತ್ತಿರಹತ್ತಿರ ಎರಡೂವರೆ ಪಟ್ಟು!

ಕುದುರೆ ಒದೆತದ ಲೆಕ್ಕ

ಅಪರೂಪದ ಘಟನೆಗಳಿಗೆ ಗಂಟೆಯಾಕಾರದ ಬದಲು ಪಾಯ್ಸಾನ್ ಹಂಚಿಕೆಯನ್ನು ಬಳಸುತ್ತಾರೆ. ಇದನ್ನು ಪ್ರಸಿದ್ಧಗೊಳಿಸಿದ್ದು 1898ರಲ್ಲಿ ಬಂದ ಬೋರ್ಟ್‌ಕೀವಿಚ್‌ನ ಪುಸ್ತಕ. ಪ್ರಷ್ಯದ ಸೇನೆಯಲ್ಲಿ ಕುದುರೆ ಒದ್ದು ಸತ್ತವರ ಲೆಕ್ಕ ಅದರಲ್ಲಿದೆ. ಹತ್ತು ದಳ, 20 ವರ್ಷ, ಒಟ್ಟು 200 ದಾಖಲೆ, 122 ಸಾವು. 109 ದಾಖಲೆಗಳಲ್ಲಿ ಸಾವೇ ಇಲ್ಲ, 65ರಲ್ಲಿ ಒಂದು, 22ರಲ್ಲಿ ಎರಡು, 3ರಲ್ಲಿ ಮೂರು, ಒಂದರಲ್ಲಿ ನಾಲ್ಕು. ಬರೀ ಸರಾಸರಿ 0.61 ಹಿಡಿದು ಪಾಯ್ಸಾನ್ ಲೆಕ್ಕ ಹಾಕಿದರೂ ಹೆಚ್ಚುಕಡಿಮೆ ಇವೇ ಅಂಕಿಗಳು ಬರುತ್ತವೆ. ನಾಲ್ವರು ಸತ್ತ ದಳದಲ್ಲಿ ಕುದುರೆಗಳು ವಿಶೇಷ ಪುಂಡಾಗಿದ್ದವು ಎನ್ನಬೇಕಿಲ್ಲ. ಒಂದೇ ಹಂಗಾಮಿನಲ್ಲಿ ಎರಡು ಬೇರಿಂಗ್ ಹೋದ ಕೂಡಲೇ "ಈ ಕಂಪನಿಯ ಮಾಲೇ ಸರಿಯಿಲ್ಲ" ಎನ್ನುವವರಿಗೂ ಇದೇ ಉತ್ತರ ಸಾಕು.

ಈಗ ಬೇರಿಂಗ್‌ಗೆ ಬರೋಣ. ನಿಯಮ ಸರಳವಾಗಿರಲಿ: ಇಂತಿಷ್ಟು ಇಟ್ಟುಕೊಳ್ಳುವುದು, ಒಂದನ್ನು ತೆಗೆದ ದಿನವೇ ಇನ್ನೊಂದಕ್ಕೆ ಆರ್ಡರ್ ಕೊಡುವುದು. ಮೂರು ಬ್ರೇಕ್‌ಡೌನ್‌ಗೆ ಸಾಲುವಷ್ಟು ಇಟ್ಟಿದ್ದೇವೆ ಎನ್ನಿ. ಇವತ್ತು ಬೇರಿಂಗ್ ಕೆಟ್ಟಾಗ ಕಪಾಟು ಖಾಲಿ ಇರಬೇಕಾದರೆ, ಹಿಂದಿನ 3 ತಿಂಗಳಲ್ಲಿ ಆಗಲೇ ಮೂರು ಸಲ ಕೆಟ್ಟಿರಬೇಕು. ಆ ಅವಧಿಯಲ್ಲಿ ಎರಡು ಅಥವಾ ಅದಕ್ಕಿಂತ ಕಡಿಮೆ ಸಲ ಕೆಟ್ಟಿದ್ದರೆ ಕೈಯಲ್ಲಿ ಒಂದಾದರೂ ಇರುತ್ತದೆ. ಇದರ ಸಾಧ್ಯತೆ ಎಷ್ಟೆಂದು ಎಕ್ಸೆಲ್ ಹೇಳುತ್ತದೆ:

```
=POISSON.DIST(2, 0.9, TRUE)
```

ಉತ್ತರ 0.937. ನೂರು ಬ್ರೇಕ್‌ಡೌನ್‌ಗಳಲ್ಲಿ ಸುಮಾರು 94ಕ್ಕೆ ಬೇರಿಂಗ್ ಸಿದ್ಧವಿರುತ್ತದೆ. 2ರ ಜಾಗದಲ್ಲಿ 1 ಹಾಕಿದರೆ, ಅಂದರೆ ಎರಡು ಬ್ರೇಕ್‌ಡೌನ್‌ಗೆ ಸಾಲುವಷ್ಟೇ ಇಟ್ಟರೆ, 77. ಒಂದಕ್ಕೆ ಸಾಲುವಷ್ಟು ಇಟ್ಟರೆ 41. ಇನ್ನು ನಗದ ಪ್ರಶ್ನೆ. ಹಂಗಾಮಿನ ನಡುವೆ ಕೆಟ್ಟದ್ದನ್ನು ಮಾತ್ರ ಬದಲಿಸುತ್ತೇವೆ ಎಂದು ಮೇಂಟೆನೆನ್ಸ್‌ನವರು ತೀರ್ಮಾನಿಸಿದರೆ 3 ಬೇರಿಂಗ್ ಸಾಕು. ಜೋಡಿಯಾಗಿಯೇ ಬದಲಿಸುತ್ತೇವೆ ಎಂದರೆ 6 ಬೇಕು. ದಾಸ್ತಾನು ದುಪ್ಪಟ್ಟಾಗುವುದೋ ಇಲ್ಲವೋ ಎಂಬುದನ್ನು ನಿಶ್ಚಯಿಸುವುದು ಫಿಟ್ಟರ್‌ನ ರೂಢಿ, ಸೂತ್ರದ ಪಾತ್ರ ಇದರಲ್ಲಿ ಇಲ್ಲ. ಮೊದಲು ಬಂದಿದ್ದ ನಾಲ್ಕು ಎಂಬ ಉತ್ತರ ಈ ಎರಡಕ್ಕೂ ಹೊಂದುವುದಿಲ್ಲ.

ಪಾಯ್ಸಾನ್‌ಗೂ ಮಿತಿ ಇದೆ. ಪ್ರತಿ ಘಟನೆಯೂ ಬೇರೆಯವುಗಳ ಹಂಗಿಲ್ಲದೆ ನಡೆಯುತ್ತದೆ ಎಂದು ಅದು ನಂಬುತ್ತದೆ. ಒಂದೇ ದಿನ ಹಾಕಿದ ನಾಲ್ಕು ಬೇರಿಂಗ್‌ಗಳು ಸವೆದು ಸವೆದು ಒಂದೇ ಕಾಲಕ್ಕೆ ಕೊನೆ ಮುಟ್ಟುವುದುಂಟು. ಶಾಫ್ಟ್ ಅಲೈನ್‌ಮೆಂಟ್ ಸರಿಯಿಲ್ಲದಿದ್ದರೆ ಹೊಸ ಬೇರಿಂಗ್ ವಾರದಲ್ಲೇ ಹೋಗಿ, ಇನ್ನೊಂದನ್ನು ಕೇಳುತ್ತದೆ. ಬದಲಿಸಿದ ಕೆಲವೇ ದಿನಗಳಲ್ಲಿ ಮತ್ತೆ ಅದೇ ಜಾಗಕ್ಕೆ ಬೇರಿಂಗ್ ಹೋಗಿರುವುದು ಕಾರ್ಡ್‌ನಲ್ಲಿ ಕಂಡರೆ, ದಾಸ್ತಾನು ಹೆಚ್ಚಿಸುವ ಮೊದಲು ಅಲೈನ್‌ಮೆಂಟ್ ನೋಡಿಸಬೇಕು.

ಕಂಪ್ಯೂಟರ್ ಮುನ್ಸೂಚನೆ ಕೊಡುತ್ತದಲ್ಲ ಎಂದು ಕೇಳುವವರಿದ್ದಾರೆ. ಸಾಮಾನ್ಯವಾಗಿ ಅದು ಬಳಸುವ ವಿಧಾನ ಹೀಗೆ: ಹಳೆಯ ಅಂದಾಜಿಗೆ ಶೇ. 80, ಹೊಸ ತಿಂಗಳ ಬಳಕೆಗೆ ಶೇ. 20 ತೂಕ ಕೊಟ್ಟು ಕೂಡುವುದು. ಮೇನಲ್ಲಿ ನಾಲ್ಕು ಹೋದ ಕೂಡಲೇ ಅಂದಾಜಿಗೆ 0.8 ಸೇರುತ್ತದೆ. ಆಮೇಲೆ ಸೊನ್ನೆ ತಿಂಗಳೊಂದಕ್ಕೆ ಐದನೇ ಒಂದು ಭಾಗದಂತೆ ಕರಗುತ್ತ, ಡಿಸೆಂಬರ್ ಹೊತ್ತಿಗೆ ಆ 0.8ರಲ್ಲಿ ಉಳಿಯುವುದು 0.21. ನಾಲ್ಕೂ ಬೇರಿಂಗ್ ಹೊಸದಾಗಿರುವಾಗ, ಫ್ಯಾನೇ ನಿಂತಿರುವಾಗ ಅಂದಾಜು ತುತ್ತತುದಿಯಲ್ಲಿರುತ್ತದೆ. ಹಂಗಾಮು ಶುರುವಾದಾಗ ತಳ ಮುಟ್ಟಿರುತ್ತದೆ. ಕ್ರಾಸ್ಟನ್ 1972ರಲ್ಲಿ ಇದಕ್ಕೊಂದು ತಿದ್ದುಪಡಿ ಸೂಚಿಸಿದ: ಬೇಡಿಕೆ ಬಂದಾಗ ಎಷ್ಟು ಬರುತ್ತದೆ, ಎಷ್ಟು ತಿಂಗಳಿಗೊಮ್ಮೆ ಬರುತ್ತದೆ ಎಂಬ ಎರಡನ್ನೂ ಬೇರೆ ಬೇರೆ ಅಂದಾಜಿಸಿ ಆಮೇಲೆ ಭಾಗಿಸಬೇಕು. ಅದರ ಉತ್ತರ ಸ್ವಲ್ಪ ಹೆಚ್ಚಾಗಿಯೇ ಬರುತ್ತದೆಂದು ತೋರಿಸಿದ ಸಿಂಟೆಟೋಸ್ ಮತ್ತು ಬಾಯ್ಲನ್ 2005ರಲ್ಲಿ ಅದನ್ನು ತಗ್ಗಿಸುವ ಗುಣಕ ಕೊಟ್ಟರು, ಶೇ. 20 ತೂಕಕ್ಕೆ ಆ ಗುಣಕ 0.9. ಮೊದಲಿನದಕ್ಕಿಂತ ಇದು ಖಂಡಿತ ಮೇಲು. ಆದರೂ ಬೇಡಿಕೆ ಬಂದಾಗ ಮಾತ್ರ ಕ್ರಾಸ್ಟನ್ ಅಂದಾಜು ಬದಲಾಗುವುದರಿಂದ, ಗುಜರಿಗೆ ಹೋದ ಯಂತ್ರದ ಬಿಡಿಭಾಗಕ್ಕೂ ಅದು ವರ್ಷಗಟ್ಟಲೆ ಅದೇ ಬೇಡಿಕೆ ತೋರಿಸುತ್ತಿರುತ್ತದೆ. ಓವರ್‌ಹಾಲ್ ಮತ್ತು ಬ್ರೇಕ್‌ಡೌನ್ ಬೆರೆತ ಕಾರ್ಡನ್ನು ಬಿಡಿಸುವ ಕೆಲಸವನ್ನಂತೂ ಯಾವ ವಿಧಾನವೂ ನಮಗಾಗಿ ಮಾಡುವುದಿಲ್ಲ.

ಪಿನಿಯನ್: ಪ್ರಶ್ನೆಯನ್ನೇ ತಿರುಗಿಸುವುದು

ಬೇರಿಂಗ್‌ಗೆ ಮೂರು ಘಟನೆಗಳಾದರೂ ಇದ್ದವು. ಪಿನಿಯನ್‌ಗೆ ಇರುವುದು ಒಂದೇ. ಹತ್ತು ವರ್ಷದಲ್ಲಿ ಒಂದು ಸಲ ಮುರಿಯಿತು ಎಂದರೆ ನಿಜವಾದ ದರ ಎರಡು ವರ್ಷಕ್ಕೊಮ್ಮೆಯೂ ಇರಬಹುದು, ನೂರಾರು ವರ್ಷಕ್ಕೊಮ್ಮೆಯೂ ಇರಬಹುದು. ಶೇ. 95 ವಿಶ್ವಾಸದ ಅಂತರ ಅಷ್ಟು ಅಗಲ. ಒಮ್ಮೆಯೂ ಕೆಡದ ಭಾಗವಾದರೆ ಹಿಡಿಯಲು ಇರುವುದು ಮೇಲಿನ ಮಿತಿ ಮಾತ್ರ: ಮೂರನ್ನು ಒಟ್ಟು ಯಂತ್ರ-ವರ್ಷಗಳಿಂದ ಭಾಗಿಸಬೇಕು. ನಾಲ್ಕು ಒಂದೇ ಬಗೆಯ ಯಂತ್ರ 10 ವರ್ಷ ಕೆಡದೆ ಓಡಿದ್ದರೆ 3 ಭಾಗಿಸು 40, ಅಂದರೆ ಯಂತ್ರವೊಂದಕ್ಕೆ ವರ್ಷಕ್ಕೆ 0.075. ಹದಿಮೂರು ವರ್ಷಕ್ಕೊಮ್ಮೆ ಕೆಡುವ ಸಾಧ್ಯತೆಯನ್ನೂ ಆ ದಾಖಲೆ ತಳ್ಳಿಹಾಕುವುದಿಲ್ಲ ಎಂದಾಯಿತು.

ಇಷ್ಟು ಮಸುಕಾದ ದರವನ್ನು ಇನ್ನಷ್ಟು ನಿಖರವಾಗಿ ಕಂಡುಹಿಡಿಯಲು ಹೆಣಗುವುದು ವ್ಯರ್ಥ. ಪ್ರಶ್ನೆಯನ್ನು ತಿರುಗಿಸುವುದು ಜಾಣತನ. ಒಂದನ್ನು ಇಟ್ಟುಕೊಳ್ಳುವ ಖರ್ಚು ಹುಟ್ಟಬೇಕಾದರೆ ಅದು ಎಷ್ಟು ವರ್ಷಕ್ಕೊಮ್ಮೆ ಮುರಿಯಬೇಕು?

ಪಿನಿಯನ್ ಬೆಲೆ 12 ಲಕ್ಷ ಎಂದಿಟ್ಟುಕೊಳ್ಳೋಣ. ಬಡ್ಡಿ, ವಿಮೆ, ತುಕ್ಕು ಹಿಡಿಯದಂತೆ ಕಾಯುವ ಖರ್ಚು ಎಲ್ಲ ಸೇರಿ ವರ್ಷಕ್ಕೆ ಶೇ. 15 ಹಿಡಿದರೆ 1.8 ಲಕ್ಷ. ಇನ್ನೊಂದು ಕಡೆ, ಕಾರ್ಖಾನೆ ಒಂದು ದಿನ ನಿಂತರೆ ಆಗುವ ನಷ್ಟ 15 ಲಕ್ಷ ಎನ್ನೋಣ. ಇಲ್ಲಿ ಎಚ್ಚರ ಬೇಕು. ಆ ದಿನದ ಸಕ್ಕರೆಯ ಪೂರ್ತಿ ಬೆಲೆಯನ್ನು ನಷ್ಟವೆಂದು ಬರೆಯಬಾರದು, ಏಕೆಂದರೆ ಕಬ್ಬನ್ನೂ ಕೊಂಡಿಲ್ಲ. ಕೈತಪ್ಪಿದ ಉಳಿಕೆ, ಅಂಗಳದಲ್ಲಿ ಒಣಗಿ ಇಳುವರಿ ಕಳೆದುಕೊಂಡ ಕಬ್ಬು, ಕೆಲಸವಿಲ್ಲದೆ ಕೊಟ್ಟ ಕೂಲಿ, ಇವಷ್ಟೇ ಸೇರಬೇಕು. ಸ್ಪೇರ್ ಬೇಕೇ ಬೇಕು ಎನ್ನುವವರು ಈ ಅಂಕಿಯನ್ನು ಉಬ್ಬಿಸುವುದು, ಬೇಡ ಎನ್ನುವವರು ಕುಗ್ಗಿಸುವುದು ಎಲ್ಲ ಕಡೆಯೂ ನಡೆಯುತ್ತದೆ.

ಇನ್ನು ಬೇಕಾದದ್ದು, ಸ್ಪೇರ್ ಇಲ್ಲದಿದ್ದರೆ ಎಷ್ಟು ದಿನ ಹೆಚ್ಚು ನಿಲ್ಲುತ್ತೇವೆ ಎಂಬುದು. ಎಂಟು ತಿಂಗಳು ಯಾರೂ ಕಾಯುವುದಿಲ್ಲ. ಗೇರ್ ಕಡಿಯುವ ವರ್ಕ್‌ಶಾಪ್‌ಗೆ ಹೋಗಿ ನಕಲು ಮಾಡಿಸುತ್ತಾರೆ. ಅದು 12 ದಿನದ ಕೆಲಸ, ಸ್ಪೇರ್ ಇದ್ದರೆ ಜೋಡಿಸಲು 2 ದಿನ. ವ್ಯತ್ಯಾಸ 10 ದಿನ, 150 ಲಕ್ಷ. 1.8 ಅನ್ನು 150ರಿಂದ ಭಾಗಿಸಿದರೆ 0.012, ಅಂದರೆ 83 ವರ್ಷಕ್ಕೊಮ್ಮೆ. ಅದಕ್ಕಿಂತ ಹೆಚ್ಚು ಸಲ ಮುರಿಯುವುದಾದರೆ ಸ್ಪೇರ್ ಇಡುವುದೇ ಲಾಭ. ಹತ್ತು ವರ್ಷದಲ್ಲಿ ಒಮ್ಮೆ ಮುರಿದದ್ದನ್ನು ಕಣ್ಣಾರೆ ಕಂಡ ಮೇಲೆ 83 ವರ್ಷದ ಮೇಲೆ ಬಾಜಿ ಕಟ್ಟುವುದು ಕಷ್ಟ. ಇಡಬೇಕು.

ಅದೇ, ಮುರಿದ ಹಲ್ಲಿಗೆ ವೆಲ್ಡಿಂಗ್ ಮಾಡಿಸಿ ಮೂರೇ ದಿನದಲ್ಲಿ ಹಂಗಾಮು ಮುಗಿಯುವವರೆಗೆ ತಳ್ಳಬಹುದಾದ ಪಿನಿಯನ್ ಆಗಿದ್ದರೆ? ವ್ಯತ್ಯಾಸ ಒಂದು ದಿನ, 15 ಲಕ್ಷ. ಭಾಗಿಸಿದರೆ 0.12, ಸುಮಾರು 8 ವರ್ಷಕ್ಕೊಮ್ಮೆ. ಈಗ ಇಡುವುದೂ ಬಿಡುವುದೂ ಹೆಚ್ಚುಕಡಿಮೆ ಸಮ. ಪಿನಿಯನ್ ಅದೇ, ಮುರಿಯುವ ದರ ಅದೇ, ಬದಲಾದದ್ದು ಪರ್ಯಾಯ ಮಾತ್ರ. ಆದ್ದರಿಂದ 12 ಲಕ್ಷ ಸುರಿಯುವ ಮೊದಲು ಮಾಡಬೇಕಾದ ಅಗ್ಗದ ಕೆಲಸವೆಂದರೆ, ಓವರ್‌ಹಾಲ್‌ನಲ್ಲಿ ಗೇರ್‌ಬಾಕ್ಸ್ ಬಿಚ್ಚಿದಾಗ ಪಿನಿಯನ್‌ನ ಅಳತೆ ತೆಗೆಸಿ ಡ್ರಾಯಿಂಗ್ ಮಾಡಿಸಿಟ್ಟುಕೊಳ್ಳುವುದು, ಯಾವ ಉಕ್ಕು, ಎಷ್ಟು ಗಡಸು ಎಂದು ಪರೀಕ್ಷಿಸಿ ಬರೆಸುವುದು. 12 ದಿನದಲ್ಲಿ ಒಂದಷ್ಟು ದಿನ ಹೋಗುವುದು ಮುರಿದ ತುಂಡಿನಿಂದ ಅಳತೆ ಹಿಡಿಯುವುದರಲ್ಲೇ.

ಸುತ್ತಲಿನ ಕಾರ್ಖಾನೆಗಳಲ್ಲಿ ಅದೇ ಮಾದರಿಯ ಗೇರ್‌ಬಾಕ್ಸ್ ಇದ್ದರೆ ಹಂಚಿಕೊಳ್ಳುವುದು ಇನ್ನೊಂದು ದಾರಿ. ಇದರ ಲೆಕ್ಕ ನಂಬಲು ಸ್ವಲ್ಪ ಕಷ್ಟ. ನಾಲ್ಕು ಕಾರ್ಖಾನೆ, ಪ್ರತಿಯೊಂದಕ್ಕೂ ಹತ್ತು ವರ್ಷಕ್ಕೊಂದು ಬ್ರೇಕ್‌ಡೌನ್. ಎಂಟು ತಿಂಗಳ ಕಾಯುವಿಕೆಯಲ್ಲಿ ಹಂಗಾಮು ಪೂರ್ತಿ ಅಡಗಿಬಿಡಬಹುದಾದ್ದರಿಂದ ಕಾರ್ಖಾನೆಗೆ 0.1 ಎಂದೇ ಹಿಡಿಯೋಣ. ಒಬ್ಬೊಬ್ಬರೂ ಒಂದೊಂದು ಇಟ್ಟರೆ ಒಟ್ಟು 4 ಪಿನಿಯನ್, 48 ಲಕ್ಷ. ಮುರಿದಾಗ ಸ್ಪೇರ್ ಸಿಗುವ ಸಾಧ್ಯತೆ ಶೇ. 90. ನಾಲ್ವರೂ ಸೇರಿ ಎರಡನ್ನೇ ಇಟ್ಟರೆ 24 ಲಕ್ಷ, ಸಾಧ್ಯತೆ ಶೇ. 94. ಅರ್ಧ ದುಡ್ಡಿಗೆ ಹೆಚ್ಚು ರಕ್ಷಣೆ, ಏಕೆಂದರೆ ನಾಲ್ಕೂ ಕಡೆ ಒಂದೇ ಕಾಲಕ್ಕೆ ಮುರಿಯುವುದು ತೀರ ಅಪರೂಪ. ಅಮೆರಿಕದ ವಾಯುಪಡೆಯ ನೆಲೆಗಳಿಗೆ ಬಿಡಿಭಾಗ ಹಂಚಲು ಶೆರ್‌ಬ್ರೂಕ್ 1968ರಲ್ಲಿ ಪ್ರಕಟಿಸಿದ 'ಮೆಟ್ರಿಕ್' ಎಂಬ ಮಾದರಿಯಲ್ಲೂ ನೆಲೆಗಳ ಜೊತೆಗೆ ಒಂದು ಸಾಮಾನ್ಯ ಡಿಪೊ ಇಟ್ಟು, ಎಲ್ಲಿ ಎಷ್ಟಿರಬೇಕೆಂದು ಒಟ್ಟಾಗಿ ಲೆಕ್ಕ ಹಾಕುತ್ತಾರೆ. ನಮ್ಮಲ್ಲಿ ತೊಡಕಿರುವುದು ಲೆಕ್ಕದಲ್ಲಲ್ಲ, ಕರಾರಿನಲ್ಲಿ. ಒಯ್ದವರು ಎಷ್ಟು ದಿನದೊಳಗೆ ಹೊಸದಕ್ಕೆ ಆರ್ಡರ್ ಕೊಡಬೇಕು, ಇಬ್ಬರಿಗೆ ಒಟ್ಟಿಗೆ ಬೇಕಾದರೆ ಮೊದಲು ಯಾರಿಗೆ ಎಂಬುದನ್ನು ಹಂಗಾಮಿಗೆ ಮುಂಚೆಯೇ ಬರೆದು ಸಹಿ ಮಾಡಿಸಿರಬೇಕು. ಹಂಗಾಮು ಶುರುವಾದ ಮೇಲೆ ಯಾರೂ ತಮ್ಮ ಸ್ಪೇರ್ ಬಿಟ್ಟುಕೊಡಲು ಮನಸ್ಸು ಮಾಡುವುದಿಲ್ಲ.

ಕಪಾಟಿನಲ್ಲಿ ಕೂತ ಮೇಲೆ

ಇಷ್ಟೆಲ್ಲ ಮಾಡಿ ತರಿಸಿದ ಪಿನಿಯನ್‌ಗೆ ದೊಡ್ಡ ಅಪಾಯ ಬರುವುದು ಆಡಿಟ್‌ನಿಂದ. ಮೂರು ವರ್ಷ ಕದಲದ ಮಾಲು 'ನಾನ್ ಮೂವಿಂಗ್' ಪಟ್ಟಿಗೆ ಸೇರಿ, ಹರಾಜಿಗೆ ಹೋಗಿಬಿಡಬಹುದು. ಕದಲದಿರುವುದೇ ಅದರ ಕೆಲಸ ಎಂದು ಪಟ್ಟಿ ಮಾಡುವವರಿಗೆ ಗೊತ್ತಿರುವುದಿಲ್ಲ. ಇಂಥವನ್ನು 'ಇನ್ಶೂರೆನ್ಸ್ ಸ್ಪೇರ್' ಎಂದು ಬೇರೆ ಕೋಡ್ ಕೊಟ್ಟು, ಯಾವ ಯಂತ್ರಕ್ಕೆ ಸೇರಿದ್ದೆಂದು ಯಂತ್ರದ ನಂಬರ್ ಸಮೇತ ಬರೆದಿಡಬೇಕು. ಭಾರತದ ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 16ರ ಪ್ರಕಾರ, ಸ್ಥಿರಾಸ್ತಿಯ ವ್ಯಾಖ್ಯೆಗೆ ಹೊಂದುವ ಬಿಡಿಭಾಗವನ್ನು ದಾಸ್ತಾನಿನ ಬದಲು ಆಸ್ತಿಯಾಗಿಯೇ ತೋರಿಸಬೇಕು. ಈ ಮಾತನ್ನು ಅಕೌಂಟ್ಸ್‌ನವರ ಜೊತೆ ಮೊದಲೇ ಆಡಿಕೊಂಡರೆ ಪಿನಿಯನ್ ನಾನ್ ಮೂವಿಂಗ್ ಪಟ್ಟಿಯಿಂದ ಪಾರಾಗುತ್ತದೆ.

ಎರಡನೆಯದು, ಇಟ್ಟದ್ದು ಬೇಕಾದಾಗ ಕೆಲಸ ಮಾಡಬೇಕು. ಬೇರಿಂಗನ್ನು ಮೂಲ ಹೊದಿಕೆಯಲ್ಲೇ, ಮಲಗಿಸಿ, ಅದುರುವ ಯಂತ್ರಗಳಿಂದ ದೂರ ಇಡಬೇಕು. ಸತತ ಅದುರುವಿಕೆಯಿಂದ ರೋಲರ್ ತಾಗುವ ಜಾಗಗಳಲ್ಲಿ ಗುರುತು ಬಿದ್ದು, ಹೊಸ ಬೇರಿಂಗ್ ಜೋಡಿಸಿದ ದಿನದಿಂದಲೇ ಸದ್ದು ಮಾಡುತ್ತದೆ. ಮೋಟಾರ್‌ನ ಶಾಫ್ಟನ್ನು ಆಗಾಗ ಕೈಯಿಂದ ತಿರುಗಿಸಿ ಬೇರೆ ಕೋನದಲ್ಲಿ ನಿಲ್ಲಿಸಬೇಕು. ವರ್ಷಗಟ್ಟಲೆ ಕರೆಂಟ್ ಕಾಣದ ವಿ.ಎಫ್.ಡಿ. ಡ್ರೈವ್‌ಗೆ ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಅದರ ಕೆಪಾಸಿಟರ್ ಹಾಳಾಗಬಹುದು. ತಯಾರಕರ ಕೈಪಿಡಿ ಹೇಳಿದಂತೆ ಮೆಲ್ಲಗೆ ವೋಲ್ಟೇಜ್ ಏರಿಸುತ್ತ ಮತ್ತೆ ಸಿದ್ಧಪಡಿಸಬೇಕು. ಪಿನಿಯನ್‌ಗೆ ತುಕ್ಕು ತಡೆಯುವ ಎಣ್ಣೆ ಹಚ್ಚಿದ ದಿನಾಂಕದ ಚೀಟಿ ಕಟ್ಟಿ, ಪ್ರತಿ ಓವರ್‌ಹಾಲ್‌ನಲ್ಲಿ ಹೊದಿಕೆ ಬಿಚ್ಚಿ ಹಲ್ಲುಗಳನ್ನು ನೋಡಬೇಕು.

ಕೊನೆಗೆ, ಅದು ಹೊರಡಬೇಕಾದ ಗಳಿಗೆ. ಹಳೆಯ ಗೇರ್‌ಬಾಕ್ಸ್ ತೆಗೆದು ಪ್ಲಾನೆಟರಿ ಗೇರ್‌ಬಾಕ್ಸ್ ಕೂರಿಸಲು ಮಂಜೂರಾತಿ ಸಿಕ್ಕಿತೆನ್ನಿ. ಯಂತ್ರದ ನಂಬರ್ ಬರೆದಿಟ್ಟಿದ್ದರೆ ಯಾವ ಸ್ಪೇರ್‌ಗಳು ಇನ್ನು ಬೇಡವೆಂದು ಆ ವಾರವೇ ಪಟ್ಟಿ ಸಿಗುತ್ತದೆ. ಹಳೆಯ ಗೇರ್‌ಬಾಕ್ಸ್ ಇನ್ನೂ ಓಡಿಸುತ್ತಿರುವ ಕಾರ್ಖಾನೆ ಪಕ್ಕದಲ್ಲಿದ್ದರೆ, ಪಿನಿಯನ್ ಅನ್ನು ಆಗಲೇ ಅವರಿಗೆ ಮಾರಬೇಕು. ಎರಡು ವರ್ಷ ಬಿಟ್ಟು ಅವರೂ ಗೇರ್‌ಬಾಕ್ಸ್ ಬದಲಿಸಿದ ಮೇಲೆ ಅದಕ್ಕೆ ಸಿಗುವುದು ಗುಜರಿ ಉಕ್ಕಿನ ಕಿಲೋ ದರ.